ಅಂಚಿನ ಬಣ್ಣ ಬದಲಿಸಿದರೆ ಮೈಬಣ್ಣವೂ ಬದಲಾಗುತ್ತಿದೆಯೇ? ದೋಷ ಹುಡುಕುವ ಕ್ರಮ

ಫೋಟೊದಲ್ಲಿ ಸೀರೆಯ ಕೆಂಪು ಅಂಚು ನವಿಲು ನೀಲಿಯಾಗಬೇಕು, ಉಟ್ಟವರ ಮೈಬಣ್ಣ ಇದ್ದ ಹಾಗೇ ಇರಬೇಕು. ಕೆಲಸ ಇಷ್ಟೇ. ಆದರೆ ಸ್ಲೈಡರ್ ಎಳೆದ ಕೂಡಲೇ ತುಟಿಗೂ ನೀಲಿ ಬರುತ್ತದೆ, ಕೆನ್ನೆ ಕಪ್ಪಿಡುತ್ತದೆ, ಕೈಯ ಅಂಚಿನಲ್ಲಿ ಒಂದು ಕೊಳಕು ಗೆರೆ ಕಾಣುತ್ತದೆ. ಹೆಚ್ಚಿನವರು ಆಗ ಮಾಡುವುದು ಒಂದೇ. ಮೇಲೆ ಇನ್ನೊಂದು ಲೇಯರ್ ಹಾಕಿ ಮುಖವನ್ನು ಮತ್ತೆ ಕೆಂಪಗೆ ಮಾಡಲು ನೋಡುತ್ತಾರೆ. ಅದು ಬೇಡ. ಅದರಿಂದ ಮುಖ ಎರಡು ಸಲ ಕೆಡುತ್ತದೆ, ಮೂಲ ಬಣ್ಣ ಮಾತ್ರ ವಾಪಸ್ ಬರುವುದಿಲ್ಲ.

ಮೈಬಣ್ಣ ಕೆಡುವುದಕ್ಕೆ ಕಾರಣ ಒಂದೇ ಅಲ್ಲ. ಆದರೆ ಪ್ರತಿ ಕಾರಣವೂ ಚಿತ್ರದ ಬೇರೆ ಬೇರೆ ಜಾಗದಲ್ಲಿ ಗುರುತು ಬಿಡುತ್ತದೆ. ತುಟಿ, ಕಿವಿ, ಬೆರಳ ಗೆಣ್ಣುಗಳು ಜಾಸ್ತಿ ಬದಲಾಗಿ ಹಣೆ ಕಡಿಮೆ ಬದಲಾಗಿದ್ದರೆ ಕಾರಣ ಒಂದು. ಅಂಚಿಗೆ ತಾಗಿಕೊಂಡ ಕಡೆ ಮಾತ್ರ ಗೆರೆ ಇದ್ದರೆ ಇನ್ನೊಂದು. ಇಡೀ ಮೈ ಒಂದೇ ಸಮ ಬದಲಾಗಿದ್ದರೆ ಮತ್ತೊಂದು. ಹಾಗಾಗಿ ಸರಿಪಡಿಸುವ ಮೊದಲು ಎಲ್ಲಿ ಕೆಟ್ಟಿದೆ ಅಂತ ನೋಡಬೇಕು.

ಇಲ್ಲಿ ಒಂದೇ ಚಿತ್ರವನ್ನು ಇಟ್ಟುಕೊಂಡು ಹೋಗುತ್ತೇನೆ. ಕೆನೆಬಣ್ಣದ ಒಡಲು, ಕೆಂಪು ಅಂಚು, ಅಂಚಿನೊಳಗೆ ಸಣ್ಣ ಜರಿ. ಉಟ್ಟವರು ಸೆರಗನ್ನು ಮುಂದೆ ತಂದು ಒಂದು ಕೈಯಲ್ಲಿ ಹಿಡಿದಿದ್ದಾರೆ. ಅಂದರೆ ಅಂಚು ಬೆರಳಿಗೂ ಮುಂಗೈಗೂ ತಾಗುತ್ತದೆ. ಹೆಸರುಗಳನ್ನು ಫೋಟೊಶಾಪ್‌ನ ಲೆಕ್ಕದಲ್ಲಿ ಹೇಳುತ್ತೇನೆ. ಬೇರೆ ಎಡಿಟರ್ ಬಳಸುವವರಿಗೆ ಕೊನೆಯಲ್ಲಿ ಸ್ವಲ್ಪ ಇದೆ.

## ಮೊದಲು ಕಣ್ಣನ್ನು ನಂಬಬೇಡಿ, ಅಳೆಯಿರಿ

ಎಡಿಟ್ ಮಾಡದ ಮೂಲ ಲೇಯರ್‌ನ ಒಂದು ಪ್ರತಿ ತೆಗೆದು ಎಲ್ಲದರ ಮೇಲೆ ಇಡಿ. ಅದರ ಬ್ಲೆಂಡ್ ಮೋಡ್ ಅನ್ನು Difference ಮಾಡಿ. ಮೂಲಕ್ಕೂ ಈಗಿನ ಚಿತ್ರಕ್ಕೂ ವ್ಯತ್ಯಾಸ ಇಲ್ಲದ ಕಡೆ ಪೂರ್ತಿ ಕಪ್ಪು ಕಾಣುತ್ತದೆ. ವ್ಯತ್ಯಾಸ ಇರುವ ಕಡೆ ಮಾತ್ರ ಬೆಳಕು. ನಮಗೆ ಬೇಕಾದದ್ದು ಅಂಚು ಮಾತ್ರ ಬೆಳಗಿ ಉಳಿದದ್ದೆಲ್ಲ ಕಪ್ಪಾಗಿರುವ ಚಿತ್ರ.

ಸಣ್ಣ ವ್ಯತ್ಯಾಸ ಈ ಕಪ್ಪಿನಲ್ಲಿ ಅಡಗಿಬಿಡುತ್ತದೆ. ಅದಕ್ಕೇ ಮೇಲೆ ಒಂದು Levels ಲೇಯರ್ ಹಾಕಿ, ಬಲಗಡೆಯ ಬಿಳಿ ಗುಂಡಿಯನ್ನು 255ರಿಂದ 20ರ ಹತ್ತಿರಕ್ಕೆ ಎಳೆಯಿರಿ. ಆಗ ಕೇವಲ 2 ಅಂಕದ ವ್ಯತ್ಯಾಸವೂ ಸುಮಾರು 25 ಆಗಿ ಕಣ್ಣಿಗೆ ಬೀಳುತ್ತದೆ. ಮುಖದ ಆಕಾರ ಮಸುಕಾಗಿಯಾದರೂ ಕಂಡರೆ ನಿಮ್ಮ ಲೇಯರ್ ಮುಖವನ್ನು ಮುಟ್ಟಿದೆ ಅಂತ ಅರ್ಥ. ಎರಡೂ ಒಂದೇ ಫೈಲಿನ ಪಿಕ್ಸೆಲ್‌ಗಳಾದ್ದರಿಂದ ಇಲ್ಲಿ ಅನುಮಾನಕ್ಕೆ ಜಾಗ ಇಲ್ಲ. ನೋಡಿ ಆದ ಮೇಲೆ ಈ ಎರಡು ಲೇಯರ್‌ಗಳನ್ನು ಆಫ್ ಮಾಡಿ ಇಟ್ಟುಕೊಳ್ಳಿ. ಕೆಲಸದುದ್ದಕ್ಕೂ ಬೇಕಾಗುತ್ತವೆ.

ಎರಡನೆಯದು ಸಂಖ್ಯೆ. Color Sampler ಟೂಲ್ ತೆಗೆದು, ಸ್ಯಾಂಪಲ್ ಅಳತೆಯನ್ನು 5 by 5 Average ಮಾಡಿ, ತುಟಿ, ಕೆನ್ನೆ, ಹಣೆ, ಮುಂಗೈ ಹೀಗೆ ನಾಲ್ಕು ಕಡೆ ಗುರುತು ಹಾಕಿ. Info ಪ್ಯಾನೆಲ್‌ನಲ್ಲಿ ಓದುವ ರೀತಿಯನ್ನು HSB ಮಾಡಿಕೊಂಡರೆ ಬಣ್ಣದ ಕೋನ, ಅಂದರೆ ಹ್ಯೂ, ನೇರವಾಗಿ ಸಿಗುತ್ತದೆ. ಬಣ್ಣಗಳನ್ನು ಒಂದು ಚಕ್ರದ ಮೇಲೆ ಜೋಡಿಸಿದರೆ ಕೆಂಪು 0 ಡಿಗ್ರಿಯಲ್ಲಿ, ಹಳದಿ 60ರಲ್ಲಿ, ಹಸಿರು 120ರಲ್ಲಿ, ನೀಲಿ 240ರಲ್ಲಿ ಕೂರುತ್ತದೆ. ನಮ್ಮ ಚಿತ್ರದಲ್ಲಿ ಅಂಚು 353 ಡಿಗ್ರಿ. ತುಟಿ 3, ಕೆನ್ನೆ 20, ಹಣೆ ಮತ್ತು ಮುಂಗೈ 25, ಜರಿ 40.

ಈ ಸಂಖ್ಯೆಗಳನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಅರ್ಧ ಉತ್ತರ ಇಲ್ಲೇ ಇದೆ.

## ತುಟಿ, ಕಿವಿ, ಗೆಣ್ಣು ಜಾಸ್ತಿ ಕೆಟ್ಟಿದ್ದರೆ

ಇದು ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ. Hue/Saturation ಲೇಯರ್ ಹಾಕಿ, ಮೇಲಿನ ಪಟ್ಟಿಯಲ್ಲಿ Master ಬದಲು Reds ಆರಿಸಿದ್ದೇನೆ, ಕೆಂಪನ್ನು ಮಾತ್ರ ತಾನೇ ಬದಲಿಸುತ್ತಿರುವುದು, ಮುಖಕ್ಕೆ ಯಾಕೆ ತಾಗಬೇಕು ಅಂತ ಅನಿಸುತ್ತದೆ, ಅಲ್ವಾ? Reds ಅಂದರೆ ಎಲ್ಲಿಂದ ಎಲ್ಲಿಯವರೆಗೆ ಅಂತ ಪ್ಯಾನೆಲ್‌ನ ಕೆಳಭಾಗದಲ್ಲೇ ಬರೆದಿರುತ್ತದೆ. ನಾವು ಏನೂ ಮುಟ್ಟದಿದ್ದಾಗ ಅಲ್ಲಿರುವ ನಾಲ್ಕು ಸಂಖ್ಯೆಗಳು 315, 345, 15, 45. ಮಧ್ಯದ 345ರಿಂದ 15ರವರೆಗಿನ ಬಣ್ಣಕ್ಕೆ ಪೂರ್ತಿ ಪರಿಣಾಮ. ಅಲ್ಲಿಂದ ಎರಡೂ ಕಡೆ ಪರಿಣಾಮ ನಿಧಾನವಾಗಿ ಇಳಿಯುತ್ತಾ 315ರಲ್ಲಿ ಮತ್ತು 45ರಲ್ಲಿ ಸೊನ್ನೆಯಾಗುತ್ತದೆ.

ಈಗ ಮೈಬಣ್ಣವನ್ನು ಇದರೊಳಗೆ ಇಟ್ಟು ನೋಡಿ. ತುಟಿ 3 ಡಿಗ್ರಿ, ಪೂರ್ತಿ ಒಳಗೆ. ಕೆನ್ನೆ 20, ಹೆಚ್ಚುಕಡಿಮೆ ಶೇ. 80ರಷ್ಟು ಪರಿಣಾಮ. ಹಣೆ 25, ಸುಮಾರು ಮೂರರಲ್ಲಿ ಎರಡು ಪಾಲು. ಕೆಂಪನ್ನು ನವಿಲು ನೀಲಿಗೆ ತರಲು Hue ಅನ್ನು −160ಕ್ಕೆ ಎಳೆದರೆ ತುಟಿ ಪೂರ್ತಿ 160 ಡಿಗ್ರಿ ತಿರುಗುತ್ತದೆ, ಕೆನ್ನೆ ಅದಕ್ಕಿಂತ ಕಡಿಮೆ, ಹಣೆ ಇನ್ನೂ ಕಡಿಮೆ. ಒಂದೇ ಮುಖದಲ್ಲಿ ತುಟಿ ನೀಲಿಗೂ ಹಣೆ ನೇರಳೆಗೂ ಹೋಗುವುದು ಇದಕ್ಕೇ. ತೇಪೆ ತೇಪೆಯಾದ ಮುಖ ಕಂಡರೆ ಕಾರಣ ಹುಡುಕುತ್ತಾ ಕೂರಬೇಕಾಗಿಲ್ಲ. ಬಣ್ಣದ ವ್ಯಾಪ್ತಿ ಮೈಬಣ್ಣದ ಮೇಲೆ ಬಿದ್ದಿದೆ, ತಡೆಯಲು ಮಾಸ್ಕ್ ಇಲ್ಲ, ಅಷ್ಟೇ. ಮಾಸ್ಕ್ ಅಂದರೆ ಲೇಯರ್‌ನ ಪರಿಣಾಮವನ್ನು ಬಿಳಿ ಇರುವ ಕಡೆ ಬಿಟ್ಟು ಕಪ್ಪು ಇರುವ ಕಡೆ ತಡೆಯುವ ಮುಸುಕು.

ಮೈಬಣ್ಣ ಬಿಳಿಯಿರಲಿ, ಕಪ್ಪಿರಲಿ, ಹ್ಯೂ ಮಾತ್ರ ಹೆಚ್ಚುಕಡಿಮೆ ಇದೇ ಕೇಸರಿ ಪಟ್ಟಿಯಲ್ಲಿರುತ್ತದೆ. ಬದಲಾಗುವುದು ಮುಖ್ಯವಾಗಿ ಬೆಳಕು ಮತ್ತು ಬಣ್ಣದ ಗಾಢತೆ. ಹಾಗಾಗಿ ಕೆಂಪು, ಕೇಸರಿ, ಸಾಸಿವೆ, ಕಂದು, ಬಂಗಾರದ ಬಣ್ಣದ ಬಟ್ಟೆಗಳೆಲ್ಲ ಈ ತೊಂದರೆ ಕೊಡುತ್ತವೆ. ನೀಲಿ ಅಥವಾ ಹಸಿರು ಅಂಚನ್ನು ಬದಲಿಸುವಾಗ ಮಾಸ್ಕ್ ಇಲ್ಲದೆಯೂ ಎಷ್ಟೋ ಸಲ ಪಾರಾಗಬಹುದು.

ದೊಡ್ಡ ಬದಲಾವಣೆಗಿಂತ ಸಣ್ಣ ಬದಲಾವಣೆ ಹೆಚ್ಚು ಅಪಾಯ ಅಂತ ನನ್ನ ಅನುಭವ. ಕೆಂಪನ್ನು ನೀಲಿ ಮಾಡಿದರೆ ತುಟಿ ನೀಲಿಯಾಗಿ ತಪ್ಪು ತಾನೇ ಕೂಗಿ ಹೇಳುತ್ತದೆ. ಕೆಂಪನ್ನು ರಾಣಿ ಗುಲಾಬಿ ಮಾಡಿದರೆ ಮುಖಕ್ಕೆ ಸುಮ್ನೆ ಒಂದಿಷ್ಟು ಗುಲಾಬಿ ಛಾಯೆ ಬಂದು ಕೂರುತ್ತದೆ. ಯಾರೂ ಗಮನಿಸುವುದಿಲ್ಲ. ಚಿತ್ರ ತಲುಪಿದ ಮೇಲೆ, ಮನೆಯವರು ನೋಡಿ, ಇದು ಅವರ ಬಣ್ಣ ಅಲ್ಲವಲ್ಲ ಅನ್ನುತ್ತಾರೆ. ಅದಕ್ಕೇ ಪರೀಕ್ಷೆ ಮಾಡುವಾಗ ನಿಮಗೆ ಬೇಕಾದ ಬದಲಾವಣೆ ಎಷ್ಟೇ ಇರಲಿ, Hue ಅನ್ನು ಒಂದು ಸಲ 180ಕ್ಕೆ ಎಳೆದು ನೋಡಿ. ಪರಿಣಾಮ ಎಲ್ಲೆಲ್ಲಿ ಸೋರುತ್ತಿದೆ ಅಂತ ಕಂಡ ಮೇಲೆ ಬೇಕಾದ ಜಾಗಕ್ಕೆ ವಾಪಸ್ ತನ್ನಿ.

### ಸರಿಪಡಿಸುವುದು

ಇಲ್ಲಿ ಹಲವರು ಒಂದು ದಾರಿ ಹಿಡಿಯುತ್ತಾರೆ. ಕೆಳಗಿನ ಗುಂಡಿಗಳನ್ನು ಎಳೆದು ವ್ಯಾಪ್ತಿಯನ್ನು ಕಿರಿದು ಮಾಡುತ್ತಾ ಮೈಬಣ್ಣವನ್ನು ಹೊರಗಿಡಲು ನೋಡುತ್ತಾರೆ. ಕೆನ್ನೆ, ಹಣೆ ಹೊರಗೆ ಹೋಗಬಹುದು. ತುಟಿ ಮತ್ತು ಹಣೆಯ ಕುಂಕುಮ ಹೋಗುವುದಿಲ್ಲ. ಅವು ಅಂಚಿನಷ್ಟೇ ಕೆಂಪು. ಅಂಚು 353, ತುಟಿ 3. ಹತ್ತು ಡಿಗ್ರಿಯ ಸಂದಿಯಲ್ಲಿ ವ್ಯಾಪ್ತಿಯನ್ನು ಕತ್ತರಿಸಿದರೆ ಅಂಚಿನ ಮೇಲೇ ಚುಕ್ಕೆ ಚುಕ್ಕೆ ಕೆಂಪು ಉಳಿಯುತ್ತದೆ.

ನಾನು ಕೆಲಸವನ್ನು ಹೀಗೆ ಹಂಚುತ್ತೇನೆ: ಮೈಯನ್ನು ಕಾಯುವುದು ಮಾಸ್ಕ್, ಜರಿಯನ್ನು ಕಾಯುವುದು ವ್ಯಾಪ್ತಿ. ಎರಡೂ ಬೇಕು. ಒಂದರ ಕೆಲಸವನ್ನು ಇನ್ನೊಂದರ ಮೇಲೆ ಹಾಕಿದಾಗಲೇ ಗೋಜಲಾಗುವುದು.

ಮಾಸ್ಕ್‌ಗೆ ಮೊದಲು ಲ್ಯಾಸೊ ಅಥವಾ ಪೆನ್ ಟೂಲ್‌ನಿಂದ ಅಂಚಿನ ಸುತ್ತ ಗೆರೆ ಹಾಕಿ. ಇಲ್ಲಿ ಸಮಯ ಉಳಿಸುವ ಒಂದು ವಿಷಯ ಇದೆ. ಅಂಚು ಕೆನೆಬಣ್ಣದ ಒಡಲಿಗೆ ತಾಗುವ ಕಡೆ ಗೆರೆ ಒರಟಾಗಿದ್ದರೆ ಪರವಾಗಿಲ್ಲ. ಅಂಚು ಚರ್ಮಕ್ಕೆ ತಾಗುವ ಕಡೆ ಮಾತ್ರ, ಅಂದರೆ ನಮ್ಮ ಚಿತ್ರದಲ್ಲಿ ಬೆರಳು ಮತ್ತು ಮುಂಗೈ ಹತ್ತಿರ, ಗೆರೆ ನಿಖರವಾಗಿ ಅಂಚಿನ ಮೇಲೇ ಹೋಗಬೇಕು. ಅಲ್ಲಿ ಚಿತ್ರವನ್ನು ಶೇ. 200 ದೊಡ್ಡದು ಮಾಡಿಕೊಂಡು ನಿಧಾನವಾಗಿ ಹೋಗಿ.

ಈ ಆಯ್ಕೆ ಹಾಗೇ ಇರುವಾಗ Select ಮೆನುವಿನಲ್ಲಿ Color Range ತೆಗೆಯಿರಿ. ಈಗಾಗಲೇ ಒಂದು ಆಯ್ಕೆ ಇದ್ದರೆ ಅದು ಅದರ ಒಳಗೆ ಮಾತ್ರ ಹುಡುಕುತ್ತದೆ. ಹಾಗಾಗಿ ತುಟಿಯ ಕೆಂಪು ಎಷ್ಟೇ ಹೊಂದಿಕೆಯಾದರೂ ಅದರ ಲೆಕ್ಕಕ್ಕೆ ಬರುವುದಿಲ್ಲ. ಅಂಚಿನ ಮಧ್ಯಮ ಕೆಂಪಿನ ಮೇಲೆ ಒತ್ತಿ, ನೆರಿಗೆಯ ನೆರಳಿನಲ್ಲಿರುವ ಕಡುಕೆಂಪು ಮತ್ತು ಬೆಳಕು ಬಿದ್ದ ತಿಳಿಗೆಂಪಿನ ಮೇಲೆ Shift ಹಿಡಿದು ಒತ್ತಿ ಸೇರಿಸಿ. Fuzziness ಅನ್ನು 40ರ ಸುಮಾರಿನಿಂದ ಶುರು ಮಾಡಿ ನೋಡುತ್ತಾ ಏರಿಸಿ. ಆಮೇಲೆ Hue/Saturation ಲೇಯರ್ ಹಾಕಿದರೆ ಆಯ್ಕೆ ತಾನಾಗಿ ಮಾಸ್ಕ್ ಆಗುತ್ತದೆ.

Alt ಹಿಡಿದು ಮಾಸ್ಕ್‌ನ ಚಿಕ್ಕ ಚಿತ್ರದ ಮೇಲೆ ಒತ್ತಿದರೆ ಮಾಸ್ಕ್ ಮಾತ್ರ ಕಪ್ಪು ಬಿಳುಪಿನಲ್ಲಿ ಕಾಣುತ್ತದೆ. ರೇಷ್ಮೆಯ ಹೊಳಪು ಬಿದ್ದ ಕಡೆ ಬಿಳಿಯಲ್ಲಿ ತೂತುಗಳಿರುತ್ತವೆ, ಏಕೆಂದರೆ ಅಲ್ಲಿ ಕೆಂಪು ತೆಳುವಾಗಿ ಗುಲಾಬಿಯಾಗಿರುತ್ತದೆ. ಬಿಳಿ ಬ್ರಷ್‌ನಿಂದ ತುಂಬಿ. ಬೆರಳಿನ ಮೇಲೆ ಬೂದು ಬಣ್ಣ ಇದ್ದರೆ ಗಟ್ಟಿ ಅಂಚಿನ ಕಪ್ಪು ಬ್ರಷ್‌ನಿಂದ ಅಳಿಸಿ. ಗೆಣ್ಣುಗಳನ್ನು ಮರೆಯಬೇಡಿ. ಬಟ್ಟೆ ಬಿಗಿಯಾಗಿ ಹಿಡಿದ ಕೈಯಲ್ಲಿ ಅವು ಉಳಿದ ಚರ್ಮಕ್ಕಿಂತ ಕೆಂಪಾಗಿರುತ್ತವೆ.

ಈಗ ಜರಿ. Reds ಹಾಗೇ ಇದ್ದರೆ 40 ಡಿಗ್ರಿಯ ಜರಿಗೂ ಸ್ವಲ್ಪ ಪರಿಣಾಮ ತಾಗುತ್ತದೆ. ಶೇ. 17ರಷ್ಟು ಅಂದರೆ ಕಡಿಮೆ ಅನಿಸಬಹುದು. ಆದರೆ 160ರಲ್ಲಿ ಅಷ್ಟು ಪಾಲು ಅಂದರೆ 27 ಡಿಗ್ರಿ. ಬಂಗಾರದ ಜರಿ ತಾಮ್ರದ ಬಣ್ಣಕ್ಕೆ ತಿರುಗಲು ಇಷ್ಟು ಸಾಕು. ಬಲಗಡೆಯ ಗುಂಡಿಗಳನ್ನು ಎಡಕ್ಕೆ ತಂದು 15, 45 ಇದ್ದದ್ದನ್ನು 10, 28ರ ಸುಮಾರಿಗೆ ನಿಲ್ಲಿಸಿ. ತೀರಾ ಬಿಗಿ ಮಾಡಬೇಡಿ. ಕೆಂಪು ನೂಲು ಮತ್ತು ಜರಿ ಬೆರೆತ ಪಿಕ್ಸೆಲ್‌ಗಳು 15ರಿಂದ 25ರ ನಡುವೆ ಇರುತ್ತವೆ. ಅವುಗಳಿಗೂ ಸ್ವಲ್ಪ ಪರಿಣಾಮ ತಾಗದಿದ್ದರೆ ಜರಿಯ ಪಕ್ಕದಲ್ಲೆಲ್ಲ ಕೇಸರಿ ಗೆರೆ ಉಳಿದುಬಿಡುತ್ತದೆ.

## ಅಂಚು ತಾಗುವ ಕಡೆ ಮಾತ್ರ ಗೆರೆ ಇದ್ದರೆ

ಮುಖ ಸರಿ ಇದೆ, ಆದರೆ ಮುಂಗೈಯ ಮೇಲೆ ಅಂಚಿನುದ್ದಕ್ಕೂ ನೀಲಿ ಗೆರೆ. ಇಲ್ಲವೇ ಇನ್ನೂ ಕೆಂಪಾಗಿಯೇ ಉಳಿದ ಕೂದಲೆಳೆಯಂಥ ಗೆರೆ. ನೋಡಲು ಹತ್ತಿರದ ದೋಷಗಳಾದರೂ ಇವೆರಡರ ಮೂಲ ಬೇರೆ.

ನೀಲಿ ಗೆರೆ ಚರ್ಮದ ಮೇಲೆ ಇದ್ದರೆ ಮಾಸ್ಕ್ ಹೊರಗೆ ಚಾಚಿದೆ ಅಂತ. ಹೆಚ್ಚಾಗಿ ಅದು ಫೆದರ್‌ನ ಕೆಲಸ. ಅಂಚು ಮೆತ್ತಗೆ ಕಾಣಲಿ ಅಂತ 5 ಪಿಕ್ಸೆಲ್ ಫೆದರ್ ಕೊಟ್ಟರೆ ಬಣ್ಣ ಚರ್ಮದ ಒಳಗೂ ಹೋಗುತ್ತದೆ. ಫೋಕಸ್ ಚೆನ್ನಾಗಿರುವ ಜಾಗದಲ್ಲಿ ಅರ್ಧದಿಂದ ಒಂದು ಪಿಕ್ಸೆಲ್ ಸಾಕು. ಫೋಕಸ್ ಇಲ್ಲದ ಸೆರಗಿನ ತುದಿಯಲ್ಲಿ ಜಾಸ್ತಿ ಬೇಕು. ಇಡೀ ಮಾಸ್ಕ್‌ಗೆ ಒಂದೇ ಫೆದರ್ ಕೊಡುವುದು ಇದಕ್ಕೇ ಸರಿ ಅಲ್ಲ. ಸಾಮಾನ್ಯವಾಗಿ ಕಡಿಮೆ ಇಟ್ಟು, ಮಸುಕಾದ ಜಾಗದಲ್ಲಿ ಮಾತ್ರ ಮೆತ್ತನೆಯ ಬ್ರಷ್‌ನಿಂದ ಮಾಸ್ಕ್ ತಿದ್ದಿ.

ಕೆಂಪು ಗೆರೆ ಉಳಿದಿದ್ದರೆ ಮಾಸ್ಕ್ ಅನ್ನು ಬೈಯುವ ಮೊದಲು ಫೈಲನ್ನು ನೋಡಿ. ಬಹಳಷ್ಟು ಜೆಪೆಗ್ ಫೈಲ್‌ಗಳಲ್ಲಿ ಬೆಳಕಿನ ವಿವರ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ ವಿವರ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದು. 4:2:0 ಅನ್ನುವುದು ಇದನ್ನೇ. ಎರಡು ಬಣ್ಣ ಸೇರುವ ಕಡೆ ಕೆಂಪು ಒಂದೆರಡು ಪಿಕ್ಸೆಲ್ ಆಚೆಗೆ, ಚರ್ಮದ ಮೇಲೆ ಹರಡಿರುತ್ತದೆ. ಮೂಲ ಚಿತ್ರದಲ್ಲಿ ಕೆಂಪಿನ ಪಕ್ಕ ಕೆಂಪಾದ್ದರಿಂದ ಕಾಣುತ್ತಿರಲಿಲ್ಲ. ಅಂಚು ನೀಲಿಯಾದ ಕೂಡಲೇ ಎದ್ದು ಕಾಣುತ್ತದೆ. ಮೆಸೇಜ್ ಆಪ್ ಮೂಲಕ ಕುಗ್ಗಿ ಬಂದ ಫೋಟೊಗಳಲ್ಲಿ ಇದು ಇನ್ನೂ ಜಾಸ್ತಿ. ಶೇ. 400 ದೊಡ್ಡದು ಮಾಡಿ ನೋಡಿದರೆ ಅಂಚಿನ ಹತ್ತಿರ ಬಣ್ಣ ಚೌಕ ಚೌಕವಾಗಿ ಕಂಡರೆ ಗೊತ್ತಾಗುತ್ತದೆ.

ಮೂಲ ಫೈಲ್ ಸಿಗುವ ಹಾಗಿದ್ದರೆ ಕೇಳಿ ತರಿಸಿಕೊಳ್ಳಿ. ಎಡಿಟಿಂಗ್‌ನಲ್ಲಿ ಒಂದು ಗಂಟೆ ತಿಂದುಹಾಕುವ ಗೆರೆ ಒಳ್ಳೆಯ ಫೈಲಿನಲ್ಲಿ ಇರುವುದೇ ಇಲ್ಲ. ಸಿಗದಿದ್ದರೆ, ಆ ಜಾಗದಲ್ಲಿ ಬಣ್ಣ ನೋಡಿ ಮಾಸ್ಕ್ ಮಾಡಬೇಡಿ, ಬೆಳಕಿನ ಅಂಚು ನೋಡಿ ಕೈಯಿಂದ ಮಾಡಿ. ಆಕಾರ ನಿಖರವಾಗಿರುವುದು ಬೆಳಕಿನ ವಿವರದಲ್ಲೇ. ಆಮೇಲೆ ಎಲ್ಲದರ ಮೇಲೆ ಒಂದು ಖಾಲಿ ಲೇಯರ್ ಹಾಕಿ, ಅದರ ಮೋಡ್ ಅನ್ನು Color ಮಾಡಿ, ಪಕ್ಕದ ಶುದ್ಧ ಚರ್ಮದಿಂದ ಬಣ್ಣ ಎತ್ತಿಕೊಂಡು 2–3 ಪಿಕ್ಸೆಲ್‌ನ ಬ್ರಷ್‌ನಿಂದ ಆ ಕೆಂಪು ಗೆರೆಯ ಮೇಲೆ ಎಳೆಯಿರಿ. Color ಮೋಡ್ ಬೆಳಕನ್ನು ಮುಟ್ಟುವುದಿಲ್ಲ. ಚರ್ಮದ ರಚನೆ, ಸಣ್ಣ ಕೂದಲು ಹಾಗೇ ಇರುತ್ತವೆ.

## ಮುಂಗೈ ಮೇಲೆ ಅಗಲವಾದ ಕೆಂಪು ಉಳಿದಿದ್ದರೆ

ಇದು ಗೆರೆ ಅಲ್ಲ, ಬೆರಳಗಲದ ಮೆತ್ತನೆಯ ಕೆಂಪು. Difference ಪರೀಕ್ಷೆಯಲ್ಲಿ ಇಲ್ಲಿ ಪೂರ್ತಿ ಕಪ್ಪು. ಅಂದರೆ ನೀವು ಏನೂ ಕೆಡಿಸಿಲ್ಲ. ಹಾಗಾದರೂ ಯಾಕೆ ತಪ್ಪಾಗಿ ಕಾಣುತ್ತದೆ?

ಕೆಂಪು ರೇಷ್ಮೆಯ ಮೇಲೆ ಬಿದ್ದ ಬೆಳಕು ಕೆಂಪಾಗಿ ಪುಟಿದು ಪಕ್ಕದ ಚರ್ಮದ ಮೇಲೆ ಬಿದ್ದಿರುತ್ತದೆ. ನಮ್ಮ ಚಿತ್ರದಲ್ಲಿ ಮುಂಗೈ 25 ಡಿಗ್ರಿ. ಅಂಚಿಗೆ ಹತ್ತಿರವಾದ ಕಡೆ ಅಳೆದರೆ 13. ಕ್ಯಾಮೆರಾ ದಾಖಲಿಸಿದ್ದು ನಿಜವೇ. ಆದರೆ ಅಂಚನ್ನು ನೀಲಿ ಮಾಡಿದ ಮೇಲೆ ಆ ಕೆಂಪಿಗೆ ಕಾರಣವೇ ಚಿತ್ರದಲ್ಲಿಲ್ಲ. ನೋಡುವವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. ಗಲ್ಲದ ಕೆಳಭಾಗ, ಕುತ್ತಿಗೆಯ ಬದಿ, ಅಂಗೈ ಇಂಥ ಕಡೆ ಹುಡುಕಿ.

ಚರ್ಮವನ್ನು ಮುಟ್ಟಬಾರದು ಅನ್ನುವ ನಿಯಮಕ್ಕೆ ಇದೊಂದು ಅಪವಾದ. ಇಲ್ಲಿ ಮುಟ್ಟಲೇಬೇಕು. ಮತ್ತೆ ಒಂದು Color ಮೋಡ್‌ನ ಲೇಯರ್, ಮೇಲಿನ ಶುದ್ಧ ಮುಂಗೈಯಿಂದ ಎತ್ತಿದ ಬಣ್ಣ, ದೊಡ್ಡ ಮೆತ್ತನೆಯ ಬ್ರಷ್, ಶೇ. 10ರಿಂದ 15ರ ಒಪಾಸಿಟಿ. ಒಂದೊಂದೇ ಸಲ ಸವರುತ್ತಾ Info ಪ್ಯಾನೆಲ್ ನೋಡಿ. 13 ಇದ್ದದ್ದು 21–22ರ ಹತ್ತಿರ ಬಂದರೆ ನಿಲ್ಲಿಸಿ. ಪೂರ್ತಿ 25 ಮಾಡಿದರೆ ಚರ್ಮ ಸಪಾಟಾಗಿ ಬಣ್ಣ ಬಳಿದಂತೆ ಕಾಣುತ್ತದೆ. ಕಡು ನೀಲಿ ಅಂಚಿನಿಂದ ಪುಟಿಯುವ ಬೆಳಕು ತುಂಬಾ ಕಡಿಮೆಯಾದ್ದರಿಂದ ಚರ್ಮದ ಮೇಲೆ ನೀಲಿ ಛಾಯೆ ಸೇರಿಸುವ ಅಗತ್ಯ ಇಲ್ಲ.

## ಅಂಚು ಹೊಳೆಯುತ್ತಿದೆ, ಅದನ್ನು ತಗ್ಗಿಸಲು ಹೋಗಿ ಮುಖ ಕಪ್ಪಾಯಿತು

ಮೈಬಣ್ಣ ಕೆಡುವ ಈ ದಾರಿ ಸ್ವಲ್ಪ ಸುತ್ತಿನದು. ನಮ್ಮ ಅಂಚಿನ ಕೆಂಪು 160, 30, 45 ಅಂತ ಇಟ್ಟುಕೊಳ್ಳಿ. ಅದನ್ನು −160 ಡಿಗ್ರಿ ತಿರುಗಿಸಿದರೆ ಸುಮಾರು 30, 132, 160 ಆಗುತ್ತದೆ. ಕಣ್ಣು ಹಸಿರನ್ನು ಹೆಚ್ಚು ಬೆಳಕಾಗಿ ಕಾಣುತ್ತದೆ, ಕೆಂಪನ್ನು ಅದಕ್ಕಿಂತ ಕಡಿಮೆ. ಆ ಲೆಕ್ಕದಲ್ಲಿ ಮೊದಲಿನ ಬೆಳಕು 71, ಈಗಿನದು 105. ಬಟ್ಟೆ ಒಳಗಿಂದ ಬೆಳಗಿದ ಹಾಗೆ ಕಾಣುತ್ತದೆ. ಅದನ್ನು ತಗ್ಗಿಸಲು ಮೇಲೆ ಒಂದು Curves ಲೇಯರ್ ಹಾಕುತ್ತಾರೆ. ಅದಕ್ಕೆ ಮಾಸ್ಕ್ ಇಲ್ಲ. ಇಡೀ ಚಿತ್ರ ಕಪ್ಪಾಗುತ್ತದೆ, ಮುಖದ ಕೇಸರಿ ಕೊಳೆಯಾಗುತ್ತದೆ.

Hue/Saturation ಲೇಯರ್‌ನ ಮೋಡ್ ಅನ್ನೇ Normal ಬದಲು Color ಮಾಡಿ. ಆಗ ಬಣ್ಣ ಮಾತ್ರ ಹೊಸದು, ಬೆಳಕು ಮೂಲದ್ದೇ. ಹೆಚ್ಚಿನ ಸಲ Curves ಬೇಕಾಗುವುದೇ ಇಲ್ಲ. ಬೇಕೇ ಬೇಕು ಅನಿಸಿದರೆ ಎರಡನ್ನೂ ಒಂದು ಗ್ರೂಪ್‌ಗೆ ಹಾಕಿ, ಮಾಸ್ಕ್ ಅನ್ನು ಗ್ರೂಪ್‌ಗೆ ಕೊಡಿ. ಒಳಗೆ ಏನೇ ಸೇರಿಸಿದರೂ ಅಂಚಿನ ಆಚೆಗೆ ಹೋಗುವುದಿಲ್ಲ. ಕಡುಕೆಂಪನ್ನು ತಿಳಿ ಹಳದಿ ಮಾಡುವಾಗ ಇದು ಬೇಕಾಗುತ್ತದೆ. ಬೆಳಕು ಏರಿಸದೆ ಕಡುಕೆಂಪಿನಿಂದ ಹಳದಿ ಬರುವುದಿಲ್ಲ, ಕಂದು ಬರುತ್ತದೆ.

## ಇಡೀ ಮೈ ಒಂದೇ ಸಮ ಬದಲಾಗಿದ್ದರೆ

ಎರಡು ಸಾಧ್ಯತೆ. ಮೊದಲನೆಯದು, Colorize ಪೆಟ್ಟಿಗೆಗೆ ಟಿಕ್ ಬಿದ್ದಿದೆ, ಮಾಸ್ಕ್ ಇಲ್ಲ. ಆಗ ಚಿತ್ರವೇ ಒಂದು ಬಣ್ಣದ್ದಾಗುತ್ತದೆ, ಅನುಮಾನವೇ ಬರುವುದಿಲ್ಲ. ಬಿಳಿ ಶರ್ಟಿಗೆ ಬಣ್ಣ ಕೊಡಲು ಹೋದವರಿಗೆ ಇದು ಆಗುತ್ತದೆ. ಬಿಳಿಗೆ ಹ್ಯೂ ಇಲ್ಲ, ಹಾಗಾಗಿ Hue ಸ್ಲೈಡರ್ ಎಷ್ಟು ಎಳೆದರೂ ಶರ್ಟು ಅಲ್ಲಾಡುವುದಿಲ್ಲ, ಮುಖ ಮಾತ್ರ ತಿರುಗುತ್ತದೆ. ಬಿಳಿ ಶರ್ಟಿಗೆ Hue/Saturation ಬೇಡ. ಶರ್ಟಿನ ಮಾಸ್ಕ್ ಇರುವ Solid Color ಲೇಯರ್ ಹಾಕಿ Multiply ಮೋಡ್ ಕೊಡಿ. ಮಡಿಕೆಯ ನೆರಳುಗಳು ಹಾಗೇ ಉಳಿಯುತ್ತವೆ.

ಎರಡನೆಯದು ಹೆಚ್ಚು ಗೊಂದಲದ್ದು. ಎಡಿಟರ್‌ನಲ್ಲಿ ಎಲ್ಲ ಸರಿ, Difference ಕೂಡ ಕಪ್ಪು. ಉಳಿಸಿದ ಫೈಲನ್ನು ಫೋನಿನಲ್ಲಿ ತೆರೆದರೆ ಮುಖ ಪೇಲವ. ಇದು ಬಣ್ಣದ ಪ್ರೊಫೈಲ್ ತೊಂದರೆ. Adobe RGB ಅಥವಾ ProPhoto RGBಯಲ್ಲಿ ಕೆಲಸ ಮಾಡಿ, ಪರಿವರ್ತಿಸದೆ, ಪ್ರೊಫೈಲ್ ಸೇರಿಸದೆ ಉಳಿಸಿದರೆ ಬೇರೆ ಆಪ್‌ಗಳು ಆ ಸಂಖ್ಯೆಗಳನ್ನು sRGB ಅಂತ ಓದುತ್ತವೆ. ಆಗ ಬಣ್ಣ ತೆಳುವಾಗುತ್ತದೆ. ಗುರುತು ಏನೆಂದರೆ ಮುಖ ಮಾತ್ರ ಅಲ್ಲ, ಒಡಲು, ಜರಿ, ಹಿನ್ನೆಲೆ ಎಲ್ಲವೂ ಒಟ್ಟಿಗೆ ಪೇಲವವಾಗಿರುತ್ತವೆ. ನಮ್ಮ ಗಮನ ಮುಖದ ಮೇಲೇ ಇರುವುದರಿಂದ ಮುಖ ಮಾತ್ರ ಕೆಟ್ಟಿದೆ ಅನಿಸುತ್ತದೆ.

ಉಳಿಸುವ ಮೊದಲು Convert to Profile ಕೊಟ್ಟು sRGB ಆರಿಸಿ. ಅದರ ಪಕ್ಕದಲ್ಲೇ ಇರುವ Assign Profile ಒತ್ತಬೇಡಿ. Convert ಸಂಖ್ಯೆಗಳನ್ನು ಬದಲಿಸಿ ನೋಟವನ್ನು ಉಳಿಸುತ್ತದೆ. Assign ಸಂಖ್ಯೆಗಳನ್ನು ಹಾಗೇ ಬಿಟ್ಟು ನೋಟವನ್ನು ಬದಲಿಸುತ್ತದೆ, ಆಗ ಮೈಬಣ್ಣ ನಿಮ್ಮ ಕಣ್ಣೆದುರೇ ಜಾರುತ್ತದೆ.

## ಏನೂ ಬದಲಾಗಿಲ್ಲ, ಆದರೂ ಬದಲಾದ ಹಾಗೆ ಕಾಣುತ್ತದೆ

Difference ಕಪ್ಪು, ನಾಲ್ಕೂ ಗುರುತುಗಳ ಸಂಖ್ಯೆ ಮೊದಲಿನಂತೇ, ಕೆಂಪು ಛಾಯೆಯನ್ನೂ ತೆಗೆದಾಗಿದೆ. ಆದರೂ ಮುಖ ಮೊದಲಿಗಿಂತ ಕೇಸರಿ ಅನಿಸುತ್ತಿದೆ. ಹೌದು, ಅನಿಸುತ್ತದೆ. ಕೇಸರಿ ಛಾಯೆಯ ಚರ್ಮದ ಪಕ್ಕ ಅದರ ಎದುರು ಬಣ್ಣವಾದ ನೀಲಿ ಬಂದು ಕೂತರೆ ಕಣ್ಣು ಚರ್ಮವನ್ನು ಇನ್ನಷ್ಟು ಬೆಚ್ಚಗೆ ಕಾಣುತ್ತದೆ. ಅದೇ ಸೀರೆಗೆ ನಿಜವಾಗಿ ನೀಲಿ ಅಂಚಿದ್ದರೂ ಹೀಗೇ ಕಾಣುತ್ತಿತ್ತು. ಇದನ್ನು ತಿದ್ದಬೇಡಿ. ತಿದ್ದಿದರೆ ಮುಖಕ್ಕೆ ನಿಜವಾಗಿಯೂ ಬೂದು ಸೇರುತ್ತದೆ, ಅಂಚನ್ನು ಬಿಟ್ಟು ಮುಖವನ್ನಷ್ಟೇ ನೋಡಿದಾಗ ಅದು ಗೊತ್ತಾಗುತ್ತದೆ. ಖಾತ್ರಿ ಬೇಕಿದ್ದರೆ ಮಧ್ಯಮ ಬೂದು ತುಂಬಿದ ಲೇಯರ್‌ನಿಂದ ಅಂಚನ್ನು ಮುಚ್ಚಿ, ಮುಖವನ್ನು ಮೂಲದ ಪಕ್ಕ ಇಟ್ಟು ನೋಡಿ.

## ಗಿಂಪ್ ಬಳಸುವವರಿಗೆ

ಗಿಂಪ್‌ನ Hue-Saturation ನಲ್ಲೂ ಆರು ಬಣ್ಣಗಳ ವ್ಯಾಪ್ತಿ ಇದೆ. ಆದರೆ ನಾಲ್ಕು ಗುಂಡಿಗಳ ಬದಲು Overlap ಎಂಬ ಒಂದೇ ಸ್ಲೈಡರ್. ಜರಿಯನ್ನು ವ್ಯಾಪ್ತಿಯಿಂದ ಹೊರಗಿಡುವುದು ಇಲ್ಲಿ ಕಷ್ಟ. ಹಾಗಾಗಿ ಜರಿಯನ್ನೂ ಮಾಸ್ಕ್‌ನಲ್ಲೇ ಬಿಡಿಸಬೇಕು. 2.10 ಆವೃತ್ತಿಯಲ್ಲಿ ಹೊಂದಾಣಿಕೆ ಲೇಯರ್ ಇಲ್ಲ. ಮೂಲ ಲೇಯರ್‌ನ ಪ್ರತಿ ತೆಗೆದು, ಪ್ರತಿಯ ಬಣ್ಣ ಬದಲಿಸಿ, ಅದಕ್ಕೆ ಕಪ್ಪು ಮಾಸ್ಕ್ ಹಾಕಿ, ಅಂಚಿನ ಕಡೆ ಮಾತ್ರ ಬಿಳಿ ಬಳಿಯಿರಿ. ಪ್ರತಿಯ ಮುಖ ನೀಲಿಯಾಗಿದ್ದರೆ ಚಿಂತೆ ಇಲ್ಲ, ಮಾಸ್ಕ್ ಅದನ್ನು ಮುಚ್ಚಿರುತ್ತದೆ. ಆ ಲೇಯರ್‌ಗೆ LCh Color ಮೋಡ್ ಕೊಟ್ಟರೆ ಬಟ್ಟೆಯ ಬೆಳಕು ಮೂಲದಂತೇ ಉಳಿಯುತ್ತದೆ. Difference ಮೋಡ್ ಅಲ್ಲೂ ಅದೇ ಹೆಸರಿನಲ್ಲಿದೆ, ಪರೀಕ್ಷೆಯೂ ಅದೇ.

ತೆಳುವಾದ ಸೆರಗಿನ ಮೂಲಕ ಚರ್ಮ ಕಾಣುವ ಚಿತ್ರಗಳಲ್ಲಿ ಮಾತ್ರ ಇದಾವುದೂ ಪೂರ್ತಿ ನಡೆಯುವುದಿಲ್ಲ. ಅಲ್ಲಿ ಒಂದೇ ಪಿಕ್ಸೆಲ್‌ನಲ್ಲಿ ಬಟ್ಟೆಯೂ ಚರ್ಮವೂ ಬೆರೆತಿರುತ್ತವೆ, ಯಾವ ಮಾಸ್ಕ್ ಕೂಡ ಅವನ್ನು ಬೇರೆ ಮಾಡಲಾರದು. ಆ ಜಾಗದ ಮಾಸ್ಕ್ ಅನ್ನು ಬೂದು ಮಾಡಿ ಪರಿಣಾಮವನ್ನು ಅರ್ಧಕ್ಕೆ ಇಳಿಸಿ, ಉಳಿದದ್ದನ್ನು Color ಮೋಡ್‌ನ ಲೇಯರ್‌ನಲ್ಲಿ ಕೈಯಿಂದ ಬಳಿಯಬೇಕು. ಹತ್ತಿರದ ಬಣ್ಣಕ್ಕೆ ಬದಲಿಸುವುದಾದರೆ ಇದು ಒಪ್ಪುವಂತೆ ಬರುತ್ತದೆ. ಕೆಂಪಿನಿಂದ ನೀಲಿಯಂಥ ದೂರದ ಬಣ್ಣ ಕೇಳಿದರೆ, ಚರ್ಮ ಕಾಣುವ ಆ ಭಾಗ ಚೆನ್ನಾಗಿ ಬರುವುದಿಲ್ಲ ಅಂತ ಕೆಲಸ ಹಿಡಿಯುವ ಮೊದಲೇ ಹೇಳಿಬಿಡುವುದು ಒಳ್ಳೆಯದು.